ಡಬ್ಬಿ ಮ್ಯಾಲಿನ 1200 ಎಲ್ಲಿ ಹೋತು?

ದೀಪಾವಳಿ ರಜೆಗೆ ಬೈಲಹೊಂಗಲಕ್ಕೆ ಹೋದಾಗ ಸವದತ್ತಿಯಿಂದ ಮಾವನ ಫೋನ್ ಬಂತು. "ಇಂಜಿನಿಯರಿಂಗ್ ಓದಾಕತ್ತೀಯಲ್ಲ, ಹೊಸ ಮನಿಗೆ ಯಾವ ಚಿಮ್ನಿ ತರೂಣು ಹೇಳು." ಪಕ್ಕದಲ್ಲಿ ಕೂತಿದ್ದ ಅಜ್ಜಿ, "ಕರೆಂಟ್ ಐತಲ್ಲ, ಮತ್ತ ಚಿಮಣಿ ಯಾಕ?" ಅಂದಳು. ನಮ್ಮ ಕಡೆ ಚಿಮಣಿ ಅಂದರೆ ಸೀಮೆಎಣ್ಣೆ ದೀಪ. ಎಲ್ಲರೂ ನಕ್ಕೆವು. ಆದರೆ ಮಾವನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಂಗಡಿಯವರು ಮಾವನಿಗೆ ಮೂರು ಆಯ್ಕೆ ಕೊಟ್ಟಿದ್ದರು. ಒಂದು, ಗಂಟೆಗೆ 1200 ಘನಮೀಟರ್ ಗಾಳಿ ಎಳೆಯುವ, ಪೈಪ್ ಇರುವ ಚಿಮ್ನಿ. ಎರಡು, ಅದೇ ಥರದ್ದು, ಆದರೆ 1500. ಮೂರು, ಪೈಪೇ ಬೇಡದ್ದು: ಗಾಳಿಯನ್ನು ಇದ್ದಿಲಿನ ಫಿಲ್ಟರ್ ಮೂಲಕ ದಾಟಿಸಿ ಅಡುಗೆಮನೆಗೇ ವಾಪಸ್ ಬಿಡುತ್ತದೆ. ಗೌಂಡಿ ಗೋಡೆಯಲ್ಲಿ ಬಿಟ್ಟಿದ್ದ ತೂತು 4 ಇಂಚಿನದು. "ಅದರಾಗ ಪಿವಿಸಿ ಪೈಪ್ ಹಾಕಿದ್ರ ಆತು, ಬೇಕಾದ್ರ 1500 ತಗೋರಿ" ಅಂತ ಸಲಹೆ ಬಂದಿತ್ತು.

ಮೊದಲು 1200 ಅಂದರೆ ಏನು ನೋಡೋಣ. ಇದು ಫ್ಯಾನಿಗೆ ಯಾವ ಅಡ್ಡಿಯೂ ಇಲ್ಲದಾಗ, ಅಂದರೆ ಪೈಪೇ ಜೋಡಿಸದಾಗ ಬರುವ ಸಂಖ್ಯೆ. ಅದೇ ಫ್ಯಾನಿನ ಬಾಯಿ ಪೂರ್ತಿ ಮುಚ್ಚಿದರೆ ಗಾಳಿ ಸೊನ್ನೆ, ಒತ್ತಡ ಮಾತ್ರ ಗರಿಷ್ಠ. ಮಾವ ಕಳಿಸಿದ ಫೋಟೋದಲ್ಲಿ ಈ ಗರಿಷ್ಠ ಒತ್ತಡ 250 ಪ್ಯಾಸ್ಕಲ್ ಅಂತ ಇತ್ತು, 1200ಕ್ಕೂ ಅಷ್ಟೇ, 1500ಕ್ಕೂ ಅಷ್ಟೇ. ನಿಜವಾದ ಕೆಲಸ ಈ ಎರಡು ತುದಿಗಳ ನಡುವೆ ಎಲ್ಲೋ ನಡೆಯುತ್ತದೆ. ಎಲ್ಲಿ ಅನ್ನೋದನ್ನ ಪೈಪ್ ತೀರ್ಮಾನಿಸುತ್ತದೆ.

ಇಲ್ಲಿ ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಕೆಲಸಕ್ಕೆ ಬಂತು. ಪೈಪಿನ ಒತ್ತಡ ನಷ್ಟ:

Δp = (fL/D + ΣK) × ½ρV²

ಮಾವನ ಮನೆಯಲ್ಲಿ ಪೈಪ್ 3 ಮೀಟರ್ ಉದ್ದ, ಎರಡು ತಿರುವು. ನಯವಾದ ಪೈಪಿಗೆ f ಅನ್ನು 0.02, ದುಂಡನೆಯ ಒಂದು ತಿರುವಿಗೆ K ಅನ್ನು 0.5, ಹೊರಗೆ ಬೀಳುವ ಬಾಯಿಗೆ 1 ಅಂತ ಹಿಡಿದೆ. ಪೈಪ್ 6 ಇಂಚಿನದಾಗಿದ್ದು ಗಂಟೆಗೆ 600 ಘನಮೀಟರ್ ಹರಿದರೆ ವೇಗ ಸೆಕೆಂಡಿಗೆ ಸುಮಾರು 9.4 ಮೀಟರ್, ನಷ್ಟ ಸುಮಾರು 127 ಪ್ಯಾಸ್ಕಲ್. ಇದೇ 600 ಅನ್ನು 4 ಇಂಚಿನಲ್ಲಿ ತೂರಿಸಬೇಕಾದರೆ ವೇಗ 21 ಮೀಟರ್, ನಷ್ಟ ಸುಮಾರು 700 ಪ್ಯಾಸ್ಕಲ್! ಫ್ಯಾನಿನ ಹತ್ತಿರ ಇರೋದೇ 250. ಹಂಗಾದರೆ ಗಾಳಿ ತಾನಾಗಿಯೇ ಕಡಿಮೆಯಾಗಬೇಕು.

ಎಷ್ಟು ಕಡಿಮೆ? ಫ್ಯಾನಿನ ಗ್ರಾಫ್ ಎರಡು ತುದಿಗಳ ನಡುವೆ ನೇರ ಗೆರೆ ಅಂತ ಅಂದಾಜಿಗೆ ಹಿಡಿದೆ (ನಿಜವಾದದ್ದು ಸ್ವಲ್ಪ ಬಾಗಿರುತ್ತದೆ). ಪೈಪಿನ ನಷ್ಟ ಗಾಳಿಯ ವರ್ಗದಂತೆ ಏರುತ್ತದೆ. ಎರಡೂ ಕೂಡುವ ಬಿಂದುವೇ ಉತ್ತರ. 6 ಇಂಚಿನ ಪೈಪಿನಲ್ಲಿ 1200ರ ಚಿಮ್ನಿ ಸುಮಾರು 600 ಎಳೆಯುತ್ತದೆ. 4 ಇಂಚಿನಲ್ಲಿ 310 ಅಷ್ಟೇ. ಅದೇ 4 ಇಂಚಿಗೆ 1500ರ ಚಿಮ್ನಿ ಹಾಕಿದರೆ? ಸುಮಾರು 320. ಅಂದರೆ ಹೆಚ್ಚಿಗೆ ಕೊಟ್ಟ ರೊಕ್ಕಕ್ಕೆ ಸಿಗೋದು ಬರೀ ಹತ್ತು ಘನಮೀಟರ್. ಈ ಲೆಕ್ಕ ನಾನು ಎರಡು ಸಲ ಮಾಡಿದೆ, ಯಾಕಂದ್ರ ಮೊದಲ ಸಲ ನನಗೇ ನಂಬಿಕೆ ಬರಲಿಲ್ಲ.

"8 ಅಡಿ, 10 ಅಡಿ ಅಡುಗೆಮನಿ, 310 ಸಾಕಲ್ಲ?" ಅಂತ ಮಾವ ಕೇಳಿದ. ಒಳ್ಳೆ ಪ್ರಶ್ನೆ. ಎತ್ತರ 10 ಅಡಿ ಹಿಡಿದರೆ ಕೋಣೆಯ ಗಾಳಿ 23 ಘನಮೀಟರಿಗಿಂತ ಕಡಿಮೆ, 310 ಅಂದರೆ ಗಂಟೆಗೆ ಸುಮಾರು 14 ಸಲ ಬದಲಾದಂತೆ. ಆದರೆ ಚಿಮ್ನಿಯ ಕೆಲಸ ಕೋಣೆಯ ಗಾಳಿ ಬದಲಿಸೋದಲ್ಲ, ಮೆಣಸಿನಕಾಯಿ ಒಗ್ಗರಣೆಯ ಘಾಟು ಹರಡುವ ಮೊದಲೇ ಅದನ್ನು ಹಿಡಿಯೋದು. ಚಿಮ್ನಿಯ ಬಾಯಿ 60 ಸೆಂ.ಮೀ., 50 ಸೆಂ.ಮೀ. ಇದ್ದರೆ 600ಕ್ಕೆ ಬಾಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು 0.55 ಮೀಟರ್, 310ಕ್ಕೆ ಬರೀ 0.29. ಇಷ್ಟು ನಿಧಾನದ ಎಳೆತದಿಂದ ಕಿಟಕಿಯ ಸಣ್ಣ ಗಾಳಿಯೂ ಹೊಗೆಯನ್ನು ಪಕ್ಕಕ್ಕೆ ಕಸಿದುಕೊಳ್ಳುತ್ತದೆ. ಒಮ್ಮೆ ತಪ್ಪಿಸಿಕೊಂಡ ಘಾಟು ಪಡಸಾಲೆಗೆ ಹೋಗಿಯೇ ಹೋಗುತ್ತದೆ.

ಈಗ ಮೂರನೆಯ ಆಯ್ಕೆ. ಗೋಡೆ ಒಡೆಯೋದು ಬೇಡ ಅಂತ ಮಾವನ ಮನಸ್ಸು ಅದರ ಕಡೆಗೇ ಇತ್ತು. ನನಗೆ ರಾಮದುರ್ಗದ ಚಿಗವ್ವ ನೆನಪಾದಳು. ಅವಳ ಮನೆಯಲ್ಲಿ ಇಂಥದ್ದೇ ಇದೆ. "ಚಿಮ್ನಿ ಐತಲ್ಲ" ಅಂತ ಕಿಟಕಿ ಮುಚ್ಚಿಯೇ ರೊಟ್ಟಿ ಬಡಿಯುತ್ತಾಳೆ. ಅಡುಗೆ ಮುಗಿಯುವ ಹೊತ್ತಿಗೆ ತಲೆ ಭಾರ ಅಂತಾಳೆ, ಚಳಿಗಾಲದಲ್ಲಿ ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತದೆ. ಆ ನೀರೇ ಸಾಕ್ಷಿ.

1 ಕೆ.ಜಿ. ಎಲ್‌ಪಿಜಿ ಉರಿದರೆ ಸುಮಾರು 3 ಕೆ.ಜಿ. ಕಾರ್ಬನ್ ಡೈಆಕ್ಸೈಡ್, 1.6 ಕೆ.ಜಿ. ನೀರಾವಿ ಹುಟ್ಟುತ್ತದೆ. ಒಂದು ಹೊತ್ತಿನ ಅಡುಗೆಗೆ 150 ಗ್ರಾಂ ಗ್ಯಾಸ್ ಅಂತ ಹಿಡಿಯಿರಿ: 450 ಗ್ರಾಂ ಕಾರ್ಬನ್ ಡೈಆಕ್ಸೈಡ್, 240 ಗ್ರಾಂ ನೀರು. ಮಾವನ ಅಡುಗೆಮನೆಯಷ್ಟೇ ಕೋಣೆ ಪೂರ್ತಿ ಮುಚ್ಚಿದ್ದರೆ ಕಾರ್ಬನ್ ಡೈಆಕ್ಸೈಡ್ ಶೇಕಡಾ 1ನ್ನು ದಾಟುತ್ತದೆ. ಹೊರಗಿನ ಗಾಳಿಯಲ್ಲಿ ಅದು ಶೇಕಡಾ 0.04ರಷ್ಟು. ಬಾಗಿಲ ಸಂದಿಯಿಂದ ಗಾಳಿ ಆಡುವುದರಿಂದ ನಿಜವಾಗಿ ಅಷ್ಟು ಏರಲ್ಲ, ಆದರೆ ಫಿಲ್ಟರಿನಿಂದ ಇಳಿಯೋದೂ ಇಲ್ಲ.

ಯಾಕೆ? ಚಿಮ್ನಿಯ ಲೋಹದ ಜಾಲರಿ ಹಿಡಿಯೋದು ಎಣ್ಣೆಯ ಹನಿಗಳನ್ನು. ಇದ್ದಿಲು ತನ್ನ ಸಣ್ಣ ಸಣ್ಣ ರಂಧ್ರಗಳ ಮೇಲ್ಮೈಗೆ ಅಣುಗಳನ್ನು ಅಂಟಿಸಿಕೊಳ್ಳುತ್ತದೆ. ವಾಸನೆ ಕೊಡುವ ದೊಡ್ಡ, ಭಾರದ ಅಣುಗಳು ಚೆನ್ನಾಗಿ ಅಂಟುತ್ತವೆ. ಅದಕ್ಕೇ ವಾಸನೆ ಕಡಿಮೆಯಾಗಿ, ಗಾಳಿ ಸ್ವಚ್ಛ ಆಯ್ತು ಅನ್ನಿಸುತ್ತದೆ. ಕಾರ್ಬನ್ ಮಾನಾಕ್ಸೈಡಿನಂಥ ಪುಟ್ಟ ಅಣು ಕೋಣೆಯ ಉಷ್ಣತೆಯಲ್ಲಿ ಅಂಟೋದೇ ಇಲ್ಲ ಅನ್ನಬಹುದು; ಅದು ದ್ರವವಾಗೋದೇ ಮೈನಸ್ 191 ಡಿಗ್ರಿಯಲ್ಲಿ. ಜ್ವಾಲೆಯಲ್ಲಿ ಹುಟ್ಟುವ ನೈಟ್ರೋಜನ್ ಡೈಆಕ್ಸೈಡನ್ನು ಹೊಸ ಇದ್ದಿಲು ಸ್ವಲ್ಪ ಹಿಡಿಯುತ್ತದೆ, ಆದರೆ ನೀರಾವಿ, ಎಣ್ಣೆ ಸೇರಿ ರಂಧ್ರ ತುಂಬಿದಂತೆ ಆ ಶಕ್ತಿ ಬೇಗ ಇಳಿಯುತ್ತದೆ. ಚಿಗವ್ವನಿಗೆ ಹೇಳಿದ್ದು ಒಂದೇ: ಇದ್ದದ್ದು ಇರಲಿ, ಒಲೆ ಹಚ್ಚಿದಾಗ ಕಿಟಕಿ ತೆಗಿ. ಈಗ ತಲೆ ಭಾರ ಕಡಿಮೆ ಅಂತಾಳೆ.

ಪೈಪ್ ಇರುವ ಚಿಮ್ನಿಗೂ ತೆರೆದ ದಾರಿ ಬೇಕು. ಕಿತ್ತೂರಿನ ಗೆಳೆಯನ ಮನೆಯಲ್ಲಿ 6 ಇಂಚಿನ ಪೈಪ್ ಇದ್ದರೂ ಹೊಗೆ ಹೋಗ್ತಿರಲಿಲ್ಲ. ಬಾಗಿಲು ತೆರೆದ ಕೂಡಲೇ ಫ್ಯಾನಿನ ಸದ್ದೇ ಬದಲಾಯ್ತು. ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕಲ್ಲ! ಆದರೆ ತೆರೆಯುವ ಕಿಟಕಿ ಒಲೆಯ ಪಕ್ಕದ್ದಾಗಿರದೆ ಸ್ವಲ್ಪ ದೂರದ್ದಾಗಿರಲಿ.

ಕೊನೆಗೆ ಮಾವ 1200ರದ್ದನ್ನೇ ತಂದ. 1500ಕ್ಕೆ ಕೊಡಬೇಕಿದ್ದ ರೊಕ್ಕದಲ್ಲಿ ಗೌಂಡಿಯನ್ನು ಕರೆಸಿ ತೂತನ್ನು 7 ಇಂಚು ಮಾಡಿಸಿ, 6 ಇಂಚಿನ ನಯವಾದ ಪೈಪ್ ಹಾಕಿಸಿದ. ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪ್ ಬೇಡ ಅಂದೆ, ಅದರಲ್ಲಿ ಘರ್ಷಣೆ ಹೆಚ್ಚು. ಒಲೆಯಿಂದ ಎತ್ತರ 70 ಸೆಂ.ಮೀ. ಇಟ್ಟರು. ಗ್ಯಾಸ್ ಹಚ್ಚುವ ಮೊದಲು ಅತ್ತಿ ಒಂದು ಊದಿನಕಡ್ಡಿ ಹಚ್ಚಿ ಒಲೆಯ ನಾಲ್ಕೂ ಮೂಲೆಗೆ ಹಿಡಿದಳು. ಮೂರು ಮೂಲೆಯಲ್ಲಿ ಹೊಗೆ ನೆಟ್ಟಗೆ ಮೇಲೆ ಹೋಯ್ತು. ಮುಂದಿನ ಎಡ ಮೂಲೆಯಲ್ಲಿ ಸ್ವಲ್ಪ ಹೊರಗೆ ಬಾಗಿತು.

"ಇನ್ನ ಒಗ್ಗರಣಿ ಹಿಂದಿನ ಒಲಿ ಮ್ಯಾಲೇ ಹಾಕ್ತೀನಿ" ಅಂದಳು ಅತ್ತಿ. ನನ್ನ ಲೆಕ್ಕದಲ್ಲಿ ಇದು ಇರಲಿಲ್ಲ.