ಯೂನಿಟ್ ಹೋಯಿತು, ಹಣ ಬರಲಿಲ್ಲ

ಮ್ಯೂಚುವಲ್ ಫಂಡ್ ಯೂನಿಟ್‌ಗಳನ್ನು ಮಾರಿದ ಮೇಲೆ ಹಣ ಖಾತೆಗೆ ಬೀಳಲು ಸೆಬಿ ನಿಗದಿ ಮಾಡಿರುವ ಗಡುವು ಮೂರು ಕೆಲಸದ ದಿನ. 2023ಕ್ಕೆ ಮೊದಲು ಇದು ಹತ್ತು ದಿನವಿತ್ತು. ಬಹುಪಾಲು ವಿದೇಶಿ ಷೇರುಗಳಲ್ಲಿ ತೊಡಗಿಸುವ ಯೋಜನೆಗಳಿಗೆ ಮಾತ್ರ ಐದು ದಿನದ ಅವಕಾಶವಿದೆ.

ಮಂಗಳೂರಿನ ನಿವೃತ್ತ ಶಿಕ್ಷಕಿಯೊಬ್ಬರು ಸೋಮವಾರ ಮಧ್ಯಾಹ್ನ ಮೂರು ಗಂಟೆಯೊಳಗೆ ಈಕ್ವಿಟಿ ಫಂಡಿನಿಂದ ಎರಡು ಲಕ್ಷ ರೂಪಾಯಿ ಹಿಂತೆಗೆಯುತ್ತಾರೆ ಎಂದುಕೊಳ್ಳೋಣ. ನಡುವೆ ರಜೆಯಿಲ್ಲದಿದ್ದರೆ ಗುರುವಾರದೊಳಗೆ ಹಣ ಬರಬೇಕು. ಸೋಮವಾರದ ಎನ್‌ಎವಿಗೇ ಬೆಲೆ ಕಟ್ಟಿರುವುದರಿಂದ, ಆಮೇಲೆ ಮಾರುಕಟ್ಟೆ ಏರಿದರೂ ಅವರಿಗೆ ಲಾಭವಿಲ್ಲ. ಅದಕ್ಕೇ ವಿಳಂಬಕ್ಕೆ ವರ್ಷಕ್ಕೆ ಶೇ 15ರ ಬಡ್ಡಿಯನ್ನು ನಿಯಮ ವಿಧಿಸಿದೆ. ಹನ್ನೆರಡು ದಿನ ತಡವಾದರೆ ಸುಮಾರು 986 ರೂಪಾಯಿ. ಚಿಕ್ಕ ಮೊತ್ತವಾದರೂ ಅದು ಹೂಡಿಕೆದಾರರ ಹಕ್ಕು.

ಬಡ್ಡಿ ಕೊಡಬೇಕಾದದ್ದು ಫಂಡ್ ಕಂಪನಿ. ಆದರೆ ಫೋಲಿಯೋ ಲೆಕ್ಕ ಇಟ್ಟು ಹಿಂತೆಗೆತದ ಕೋರಿಕೆಯನ್ನು ನಿಭಾಯಿಸುವುದು ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್‌ನಂಥ ರಿಜಿಸ್ಟ್ರಾರ್. ಆದ್ದರಿಂದ ಪತ್ರ ರಿಜಿಸ್ಟ್ರಾರ್‌ಗೆ, ಪ್ರತಿ ಫಂಡ್ ಕಂಪನಿಯ ಹೂಡಿಕೆದಾರರ ಸೇವಾ ವಿಭಾಗಕ್ಕೆ ಹೋಗಬೇಕು.

"ನನ್ನ ಹಣ ಬಂದಿಲ್ಲ, ದಯವಿಟ್ಟು ಗಮನಿಸಿ" ಎಂದಷ್ಟೇ ಬರೆದರೆ ಉತ್ತರವೂ ಅಷ್ಟೇ ಮೊಗಮ್ಮಾಗಿರುತ್ತದೆ. ಶಿಕ್ಷಕಿ ಫೋಲಿಯೋ ಸಂಖ್ಯೆ, ಯೋಜನೆಯ ಪೂರ್ಣ ಹೆಸರು, ಕೋರಿಕೆಯ ದಿನಾಂಕ ಮತ್ತು ಉಲ್ಲೇಖ ಸಂಖ್ಯೆ, ಮೊತ್ತ, ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ ಬರೆದು, ಅಲ್ಲಿಯವರೆಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಬೇಕು. ಬಳಿಕ ನೇರವಾಗಿ ಹೀಗೆ ಕೇಳಬೇಕು: "ಹಣವನ್ನು ಯಾವ ದಿನ ಕಳುಹಿಸಿದಿರಿ? ಯುಟಿಆರ್ ಸಂಖ್ಯೆ ಏನು? ಮರಳಿ ಬಂದಿದ್ದರೆ ಬ್ಯಾಂಕ್ ಕೊಟ್ಟ ಕಾರಣವೇನು? ಗಡುವು ಮೀರಿದ ದಿನಗಳಿಗೆ ಬಡ್ಡಿ ಸೇರಿಸಿ ಪಾವತಿಸಿ."

ಈ ಪತ್ರದ ಜೀವಾಳ ಯುಟಿಆರ್. ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ಪಾವತಿಗೆ ಸಿಗುವ ಈ ಸಂಖ್ಯೆಯನ್ನು ತೋರಿಸಿದರೆ ಶಾಖೆಯವರು ಹಣದ ಜಾಡು ಹಿಡಿಯಬಲ್ಲರು. ಸಂಖ್ಯೆಯೇ ಇಲ್ಲವೆಂದರೆ ಹಣ ಹೊರಟೇ ಇಲ್ಲದಿರಬಹುದು. ಆಗ ಬ್ಯಾಂಕಿಗೆ ಅಲೆದು ಫಲವಿಲ್ಲ.

ಹೊರಟ ಹಣ ಮರಳುವುದೂ ಉಂಟು. ಕರಾವಳಿಯ ಹಳೆಯ ಹೂಡಿಕೆದಾರರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು, ಅದರ ಹಳೆಯ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜುಲೈನಿಂದ ರದ್ದಾದವು. ಫೋಲಿಯೋದಲ್ಲಿ ಹಳೆಯ ಕೋಡೇ ಉಳಿದಿದ್ದರೆ ಪಾವತಿ ಎಡವಬಹುದು. ಹಾಗಾದಾಗ ಬ್ಯಾಂಕ್ ವಿವರ ತಿದ್ದುವ ಅರ್ಜಿಯನ್ನು, ಹೆಸರು ಮುದ್ರಿತವಾದ ರದ್ದು ಚೆಕ್ಕಿನೊಂದಿಗೆ ಕೊಟ್ಟು ಮರುಪಾವತಿ ಕೇಳಬೇಕು. ತಪ್ಪು ಫೋಲಿಯೋದ ವಿವರದಲ್ಲೇ ಇದ್ದರೆ ಬಡ್ಡಿಯ ಬೇಡಿಕೆಗೆ ಬಲ ಕಡಿಮೆ ಎಂಬುದೂ ನೆನಪಿರಲಿ.

ಇಮೇಲ್‌ಗೆ ಬರುವ ದೂರಿನ ಸಂಖ್ಯೆಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಉತ್ತರ ತೃಪ್ತಿ ಕೊಡದಿದ್ದರೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ, scores.sebi.gov.in, ಫಂಡ್ ಕಂಪನಿಯ ವಿರುದ್ಧ ದೂರು ದಾಖಲಿಸಬಹುದು. ಮೊದಲು ಕಂಪನಿಗೆ ಬರೆದದ್ದಕ್ಕೆ ಅಲ್ಲಿ ಈ ಸಂಖ್ಯೆಯೇ ಪುರಾವೆ. ದೂರು ತಲುಪಿದ 21 ದಿನಗಳೊಳಗೆ ಕಂಪನಿ ಕ್ರಮದ ವರದಿ ಸಲ್ಲಿಸಬೇಕು.