ಖಾಲಿ ಡೀಸೆಲ್ ಡ್ರಮ್ಮಿಗೆ ವೆಲ್ಡಿಂಗ್: ಅಪಾಯಕ್ಕೆ ಅಂಕ ಹಾಕುವುದು ಹೇಗೆ?

"ಡ್ರಮ್ ತುಂಬಿದ್ದರೆ ಅಪಾಯ, ಖಾಲಿ ಇದ್ದರೆ ಏನೂ ಆಗುವುದಿಲ್ಲ." ಈ ಮಾತನ್ನು ನೀವೂ ಕೇಳಿರಬಹುದು. ಇದು ನಿಜವೇ? ಅಲ್ಲ, ನಿಜ ಇದಕ್ಕೆ ಹೆಚ್ಚುಕಡಿಮೆ ಉಲ್ಟಾ ಇದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗಳಿಗೆ ಬರುವ ಕೆಲಸ ಬಹುಪಾಲು ಹೊಲದ್ದೇ. ಟ್ರ್ಯಾಕ್ಟರ್ ಟ್ರಾಲಿ, ಕಬ್ಬು ಸಾಗಿಸುವ ಗಾಡಿ, ಗೇಟು, ನಡುನಡುವೆ ಸೋರುವ 200 ಲೀಟರಿನ ಡೀಸೆಲ್ ಡ್ರಮ್. ಈ ಡ್ರಮ್ಮಿನ ಕೆಲಸವನ್ನೇ ಉದಾಹರಣೆಯಾಗಿ ಇಟ್ಟುಕೊಂಡು, ದೊಡ್ಡ ಕಾರ್ಖಾನೆಗಳಲ್ಲಿ ಬಳಸುವ 'ರಿಸ್ಕ್ ಮ್ಯಾಟ್ರಿಕ್ಸ್' ಎಂಬ ಅಪಾಯದ ಕೋಷ್ಟಕವನ್ನು ಮಾಡಿ ನೋಡೋಣ. ಬೇಕಾಗುವುದು ನೋಟ್‌ಬುಕ್ಕಿನ ಒಂದು ಹಾಳೆ ಮಾತ್ರ.

ಮೊದಲು ಐದು ಸಾಲು, ಐದು ಕಂಬದ ಚೌಕ ಬರೆಯಿರಿ. ಎಡಗಡೆ ಕೆಳಗಿನಿಂದ ಮೇಲಕ್ಕೆ 1ರಿಂದ 5: ಇದು ಅನಾಹುತ ಆಗುವ ಸಾಧ್ಯತೆ. 1 ಎಂದರೆ ಆಗುವುದೇ ಕಷ್ಟ, 2 ಅಪರೂಪ, 3 ಆಗಬಹುದು, 4 ಆಗುವ ಸಂಭವವೇ ಹೆಚ್ಚು, 5 ಎಂದರೆ ಆಗಿಯೇ ಆಗುತ್ತದೆ. ಕೆಳಗಡೆ ಎಡದಿಂದ ಬಲಕ್ಕೆ ಮತ್ತೆ 1ರಿಂದ 5: ಇದು ಆದರೆ ಎಷ್ಟು ಪೆಟ್ಟು ಎನ್ನುವುದು. 1 ಎಂದರೆ ಮುಲಾಮು ಹಚ್ಚಿದರೆ ಸಾಕು, 2 ಎಂದರೆ ಒಂದೆರಡು ದಿನ ಕೆಲಸ ಇಲ್ಲ, 3 ಎಂದರೆ ಆಸ್ಪತ್ರೆ ಮತ್ತು ವಾರಗಟ್ಟಲೆ ಮನೆಯಲ್ಲಿ, 4 ಶಾಶ್ವತ ಊನ, 5 ಸಾವು. ಎರಡು ಅಂಕಿಗಳನ್ನು ಗುಣಿಸಿ ಆಯಾ ಮನೆಯಲ್ಲಿ ಬರೆಯಿರಿ. 1ರಿಂದ 4 ಹಸಿರು, 5ರಿಂದ 9 ಹಳದಿ, 10ರಿಂದ 16 ಕೇಸರಿ, 20 ಮತ್ತು 25 ಕೆಂಪು. ಕೇಸರಿ ಬಂದರೆ ಮೊದಲು ಅಪಾಯ ಇಳಿಸಿ, ಆಮೇಲೆ ಕೆಲಸ. ಕೆಂಪು ಬಂದರೆ ಕೆಲಸ ಬಂದ್. (25 ಮನೆ ಇದ್ದರೂ ಸಿಗುವುದು ಬರೀ 14 ಬೇರೆ ಬೇರೆ ಅಂಕಿ. 7, 11, 13 ಎಲ್ಲೂ ಬರುವುದಿಲ್ಲ. ಹಾಗಾಗಿ ಈ ಅಂಕವನ್ನು ತಕ್ಕಡಿಯ ತೂಕದಂತೆ ನಂಬಬೇಡಿ.)

ಈಗ ಅಂಕ ಹಾಕೋಣ. ಒಂದೇ ಕೆಲಸಕ್ಕೆ ಒಂದೇ ಅಂಕ ಹಾಕಬಾರದು, ಅದರೊಳಗಿನ ಪ್ರತಿ ಅಪಾಯಕ್ಕೂ ಬೇರೆ ಬೇರೆ ಹಾಕಬೇಕು.

ಮೊದಲನೆಯದು ಕಣ್ಣು. ವೆಲ್ಡಿಂಗ್ ಬೆಳಕಿನ ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನು ಸುಡುತ್ತದೆ. ಆಗ ಏನೂ ಗೊತ್ತಾಗುವುದಿಲ್ಲ, ಕೆಲವು ಗಂಟೆಗಳ ನಂತರ, ಎಷ್ಟೋ ಸಲ ರಾತ್ರಿ, ಕಣ್ಣಲ್ಲಿ ಮರಳು ತುಂಬಿದಂತೆ ಉರಿ ಶುರುವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ವಾಸಿ. ಬರಿಗಣ್ಣಲ್ಲಿ ಕೆಲಸ ಮಾಡುವವನಿಗೆ ಸಾಧ್ಯತೆ 5, ಪೆಟ್ಟು 2, ಒಟ್ಟು 10. ಸರಿಯಾದ ಕಪ್ಪು ಗಾಜಿನ ಶೀಲ್ಡ್ ಹಿಡಿದರೆ ಸಾಧ್ಯತೆ 2ಕ್ಕೆ ಇಳಿಯುತ್ತದೆ, ಒಟ್ಟು 4. ಹಸಿರು.

ಎರಡನೆಯದು ಕರೆಂಟು. ಕೇಬಲ್ಲಿನ ರಬ್ಬರು ಅಲ್ಲಲ್ಲಿ ಕಿತ್ತಿದೆ, ನೆಲ ಒದ್ದೆ ಇದೆ ಎಂದುಕೊಳ್ಳಿ. ಸಾಧ್ಯತೆ 2, ಆದರೆ ಪೆಟ್ಟು 5. ಇದೂ 10! ಕಣ್ಣುರಿಗೂ 10, ಸಾವಿಗೂ 10. ಗುಣಾಕಾರ ಇಲ್ಲಿ ಮೋಸ ಮಾಡುತ್ತದೆ. ಆದ್ದರಿಂದ ಒಂದು ನಿಯಮವನ್ನು ಹಾಳೆಯ ಮೇಲೇ ಬರೆದುಬಿಡಿ: ಅಂಕ ಸಮ ಬಂದರೆ ಪೆಟ್ಟು ದೊಡ್ಡದಿರುವುದನ್ನೇ ಮೊದಲು ಸರಿಪಡಿಸಬೇಕು.

ಮೂರನೆಯದು ಡ್ರಮ್ಮು. ತುಂಬಿದ ಡ್ರಮ್ಮಿನೊಳಗೆ ಗಾಳಿಗೆ ಜಾಗ ಕಡಿಮೆ. ಖಾಲಿ ಡ್ರಮ್ಮಿನಲ್ಲಿ ತಳಕ್ಕೆ, ಅಂಚಿನ ಮಡಿಕೆಗೆ ಅಂಟಿದ ಡೀಸೆಲ್ ಇರುತ್ತದೆ, ಜೊತೆಗೆ 200 ಲೀಟರ್ ಗಾಳಿ. ಡೀಸೆಲ್ ಆವಿ ಗಾಳಿಯಲ್ಲಿ ಶೇಕಡಾ 1ರಷ್ಟು ಬೆರೆತರೂ ಕಿಡಿಗೆ ಹೊತ್ತಿಕೊಳ್ಳಬಲ್ಲದು. "ಡೀಸೆಲ್ ಪೆಟ್ರೋಲಿನಂಗ ಸಿಡಿಯಂಗಿಲ್ಲರೀ" ಎನ್ನುತ್ತಾರೆ. ತಣ್ಣಗಿದ್ದಾಗ ಅದರಲ್ಲಿ ಸ್ವಲ್ಪ ಸತ್ಯವಿದೆ. ಆದರೆ ನಮ್ಮ ಪೆಟ್ರೋಲಿಯಂ ನಿಯಮಗಳಲ್ಲಿ ಡೀಸೆಲ್ 'ಬಿ' ವರ್ಗಕ್ಕೆ ಸೇರಿದೆ. ಅಂದರೆ 23ರಿಂದ 65 ಡಿಗ್ರಿಯೊಳಗೇ ಅದರ ಆವಿ ಹೊತ್ತಿಕೊಳ್ಳುವಷ್ಟಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತದೆ. ಅದರ ಮೇಲೆ ವೆಲ್ಡಿಂಗ್ ರಾಡಿನ ಶಾಖ ತಗಡಿನ ಒಳಬದಿಯ ಎಣ್ಣೆಯನ್ನು ಕಾಯಿಸಿ ಆವಿ ಮಾಡುತ್ತದೆ, ಕಿಡಿಯನ್ನೂ ಅದೇ ಕೊಡುತ್ತದೆ. ಡ್ರಮ್ಮಿನ ಮುಚ್ಚಳ ತಟ್ಟೆಯಂತೆ ಕಿತ್ತು ಹಾರುವುದು ಹೀಗೆ.

ಪೆಟ್ಟು 5, ಅದರಲ್ಲಿ ಚರ್ಚೆ ಇಲ್ಲ. ಸಾಧ್ಯತೆ ಎಷ್ಟು? ಎಲ್ಲರೂ ಎಡವುವುದು ಇಲ್ಲೇ. "ಇಪ್ಪತ್ತು ವರ್ಷ ಆತು, ಒಮ್ಮಿನೂ ಏನೂ ಆಗಿಲ್ಲ" ಎಂದು 1 ಹಾಕಿದರೆ ಒಟ್ಟು 5. ಕಣ್ಣುರಿಗಿಂತಲೂ ಕಡಿಮೆ! ಆದರೆ ಆ ಇಪ್ಪತ್ತು ವರ್ಷದಲ್ಲಿ ಎಷ್ಟು ಡ್ರಮ್ ಬಂದವು, ಅವುಗಳಲ್ಲಿ ತೊಳೆಯದವು ಎಷ್ಟು? ನಾಲ್ಕೈದೇ ಇರಬಹುದು. ಮೇಲಾಗಿ, ಆದವನು ಬಂದು ಹೇಳುವುದಿಲ್ಲ, ಆಗದವನ ಮಾತೇ ನಮಗೆ ಕೇಳಿಸುತ್ತದೆ. ಅಂಕ ಹಾಕಬೇಕಾದದ್ದು ಅಂಗಡಿಯವನ ನೆನಪಿಗಲ್ಲ, ಈಗ ಎದುರಿಗಿರುವ ಡ್ರಮ್ಮಿನ ಸ್ಥಿತಿಗೆ. ಒಳಗೆ ಎಣ್ಣೆ ಇದೆ, ಗಾಳಿ ಇದೆ, ಬೆಂಕಿ ನಾವೇ ತರುತ್ತಿದ್ದೇವೆ. ಮೂರೂ ಸೇರುವಾಗ 3ಕ್ಕಿಂತ ಕಡಿಮೆ ಹಾಕಲು ನನಗಂತೂ ಕಾರಣ ಕಾಣುವುದಿಲ್ಲ. 3×5=15. ಬಿಸಿಲಲ್ಲಿ ಬಿದ್ದಿದ್ದರೆ ಅಥವಾ ಒಮ್ಮೆಯಾದರೂ ಪೆಟ್ರೋಲ್ ತುಂಬಿದ್ದರೆ 4×5=20. ಕೆಂಪು.

ಇನ್ನು ಅಂಕ ಇಳಿಸುವ ಮಾತು. ಕೈಗವಸು, ಶೀಲ್ಡ್, ಬೂಟು ಹಾಕಿಕೊಂಡರೆ? ಡ್ರಮ್ ಸಿಡಿಯುವುದನ್ನು ಇವು ತಡೆಯುವುದಿಲ್ಲ, ಹಾರಿಬಂದ ತಗಡಿನಿಂದ ಉಳಿಸುವುದೂ ಇಲ್ಲ. 15 ಇದ್ದದ್ದು 15 ಆಗಿಯೇ ಉಳಿಯುತ್ತದೆ. ಮುಚ್ಚಳ ತೆಗೆದು ಬಿಸಿಲಿಗಿಟ್ಟರೆ? ತಳದಲ್ಲಿ ಎಣ್ಣೆ ಇರುವವರೆಗೂ ಆವಿ ಹುಟ್ಟುತ್ತಲೇ ಇರುತ್ತದೆ. ಟ್ರ್ಯಾಕ್ಟರ್ ಸೈಲೆನ್ಸರಿನ ಹೊಗೆ ತುಂಬಿಸಿ ವೆಲ್ಡ್ ಮಾಡುವವರೂ ಇದ್ದಾರೆ. ಹೊಗೆಯಲ್ಲಿ ಆಮ್ಲಜನಕ ಇರುವುದಿಲ್ಲ ಎಂಬುದು ಅವರ ಲೆಕ್ಕ. ಆದರೆ ಡೀಸೆಲ್ ಎಂಜಿನ್ ಸುಮ್ಮನೆ ನಿಂತು ಓಡುವಾಗ ಬೇಕಾದ್ದಕ್ಕಿಂತ ಬಹಳ ಹೆಚ್ಚು ಗಾಳಿ ಎಳೆಯುತ್ತದೆ. ಉರಿಯದೆ ಉಳಿದ ಆಮ್ಲಜನಕ ಹೊಗೆಯ ಜೊತೆಗೇ ಡ್ರಮ್ಮಿನೊಳಗೆ ಹೋಗುತ್ತದೆ. ಇದಕ್ಕೆ ಒಂದು ಅಂಕವನ್ನೂ ಇಳಿಸಬೇಡಿ.

ಸಾಧ್ಯತೆಯನ್ನು ನಿಜವಾಗಿ ಇಳಿಸುವುದು ಎಣ್ಣೆ ಮತ್ತು ಗಾಳಿಯನ್ನು ತೆಗೆಯುವ ಕೆಲಸ. ಮುಚ್ಚಳಗಳನ್ನು ಬಿಚ್ಚಿ, ಉಳಿದ ಡೀಸೆಲ್ ಬಸಿದು, ಸಾಬೂನು ಅಥವಾ ಸೋಡಾ ಹಾಕಿದ ಬಿಸಿನೀರಿನಿಂದ ಮತ್ತೆ ಮತ್ತೆ ತೊಳೆಯಬೇಕು. ಬರೀ ತಣ್ಣೀರು ಮಡಿಕೆಯ ಎಣ್ಣೆಯನ್ನು ಬಿಡಿಸುವುದಿಲ್ಲ. ಆಮೇಲೆ ತೂತು ಮೇಲ್ಬದಿಗೆ ಬರುವಂತೆ ಡ್ರಮ್ಮನ್ನು ನಿಲ್ಲಿಸಿ, ತೂತಿನ ಸ್ವಲ್ಪ ಕೆಳಗಿನವರೆಗೆ ನೀರು ತುಂಬಬೇಕು. ಒಂದು ಬಾಯಿ ತೆರೆದೇ ಇರಲಿ, ಇಲ್ಲದಿದ್ದರೆ ಕಾದ ಗಾಳಿ, ಹಬೆಗೆ ದಾರಿ ಇರುವುದಿಲ್ಲ. ಹೀಗೆ ಮಾಡಿದರೆ ಸಾಧ್ಯತೆ 1, ಒಟ್ಟು 5. ಪೆಟ್ಟಿನ ಅಂಕ 5 ಹಾಗೇ ಇದೆ ಗಮನಿಸಿ. ಅದನ್ನು 3ಕ್ಕೆ ಇಳಿಸಿ ಹಸಿರು ತೋರಿಸಿದ ಕೋಷ್ಟಕ ಕಂಡರೆ ಅನುಮಾನಿಸಿ. ಒಳಗಿನ ಆವಿ ಅಳೆಯುವ ಗ್ಯಾಸ್ ಮೀಟರ್ ದೊಡ್ಡ ಕಾರ್ಖಾನೆಗಳಲ್ಲಿ ಇರುತ್ತದೆ, ರಸ್ತೆ ಬದಿಯ ಅಂಗಡಿಯಲ್ಲಿ ಅಲ್ಲ. ವಾಸನೆ ಇಲ್ಲ ಎಂಬುದು ಅದಕ್ಕೆ ಬದಲಿಯಲ್ಲ.

1948ರ ಕಾರ್ಖಾನೆಗಳ ಕಾಯ್ದೆಯ 37ನೇ ಕಲಮಿನಲ್ಲೂ ಇದೇ ಇತ್ತು: ಉರಿಯುವ ವಸ್ತು ಇರುವ ಅಥವಾ ಹಿಂದೆ ಇದ್ದ ಪಾತ್ರೆಯನ್ನು ಅದರ ಆವಿ ತೆಗೆಯದೆ ವೆಲ್ಡ್ ಮಾಡಬಾರದು, ಆದ ಮೇಲೂ ಲೋಹ ಸಾಕಷ್ಟು ತಣ್ಣಗಾಗುವವರೆಗೆ ಆ ವಸ್ತುವನ್ನು ಮತ್ತೆ ತುಂಬಬಾರದು. ಕರೆಂಟಿನಿಂದ ನಡೆಯುವ ಕಡೆ ಹತ್ತು ಜನ ಕೆಲಸಗಾರರಿದ್ದರೆ ಮಾತ್ರ ಆ ಕಾಯ್ದೆ ಸಾಮಾನ್ಯವಾಗಿ ಅನ್ವಯವಾಗುತ್ತಿತ್ತು. ಇಬ್ಬರು ಮೂವರ ಅಂಗಡಿಗೆ ಯಾವ ಇನ್‌ಸ್ಪೆಕ್ಟರೂ ಬರುತ್ತಿರಲಿಲ್ಲ. ಅಲ್ಲಿ ಅಂಕ ಹಾಕುವವರು ಅಂಗಡಿಯವರು ಮತ್ತು ಡ್ರಮ್ ತಂದ ರೈತರೇ. ಇಬ್ಬರೂ ಬೇರೆ ಬೇರೆಯಾಗಿ ಅಂಕ ಬರೆದು ಆಮೇಲೆ ಹೋಲಿಸಲಿ. ಒಬ್ಬರು 1, ಇನ್ನೊಬ್ಬರು 4 ಹಾಕಿದ್ದರೆ ಸರಾಸರಿ ತೆಗೆಯಬೇಡಿ, 4 ಹಾಕಿದವರು ಏನು ಕಂಡರು ಎಂದು ಕೇಳಿ. "ಹೋದ ವರ್ಷ ಇದರಾಗ ಪೆಟ್ರೋಲ್ ಇಟ್ಟಿದ್ವಿ" ಎಂಬ ಸಂಗತಿ ಎಷ್ಟೋ ಸಲ ಆಗಲೇ ಹೊರಗೆ ಬರುತ್ತದೆ. ಆಗ ಆ ಡ್ರಮ್ಮನ್ನು ಪಕ್ಕಕ್ಕಿಟ್ಟು ಬೇರೆ ಡ್ರಮ್ ಕೊಳ್ಳುವುದೇ ಸರಿ. ವೆಲ್ಡಿಂಗೇ ಇಲ್ಲದಿದ್ದರೆ ಕೋಷ್ಟಕದ ಆ ಸಾಲಿಗೆ ಅಂಕವೇ ಬೇಡ.