ಕಚೇರಿ ಶುರುವಾಗೋ ಮುಂಚಿನ ಹತ್ತು ನಿಮಿಷ: ಶ್ರುತಿ ಮತ್ತು ತಾಳ

ಇವತ್ತಿನ ಸಂಚಿಕೆ ಒಂದು ಪ್ರಶ್ನೆಯಿಂದ ಶುರುವಾಗುತ್ತೆ.

ನಾವಿರೋದು ಡಲ್ಲಾಸ್ ಪಕ್ಕದ ಮರ್ಫಿಯಲ್ಲಿ. ಹೋದ ಬೇಸಿಗೆಯಲ್ಲಿ ಇಲ್ಲೇ ಹತ್ತಿರದ ಒಂದು ಸಭಾಂಗಣದಲ್ಲಿ ಕರ್ನಾಟಕ ಸಂಗೀತದ ಕಚೇರಿ ಇತ್ತು. ಆಸ್ಟಿನ್‌ನಿಂದ ಬಂದಿದ್ದ ನನ್ನ ತಮ್ಮನ ಮಗನನ್ನೂ ಕರೆದುಕೊಂಡು ಹೋದೆ. ಹದಿನಾರು ವರ್ಷದ ಹುಡುಗ, ಗಿಟಾರ್ ನುಡಿಸ್ತಾನೆ, ಇಂಥ ಕಚೇರಿಗೆ ಬಂದಿದ್ದು ಅದೇ ಮೊದಲು. "ಅತ್ತೆ, ಅರ್ಧ ಗಂಟೆ ಕೂತಿರ್ತೀನಿ, ಬೇಜಾರಾದ್ರೆ ಕಾರಲ್ಲಿ ಇರ್ತೀನಿ" ಅಂತ ಮೊದಲೇ ಒಪ್ಪಂದ ಮಾಡಿಕೊಂಡಿದ್ದ.

ವೇದಿಕೆ ಮೇಲೆ ಹಾಡುವವರು ಕೂತಿದ್ದಾರೆ, ಪಿಟೀಲಿನವರು ಕಿವಿ ತಿರುಗಿಸುತ್ತಿದ್ದಾರೆ, ಮೃದಂಗದವರು ಒಂದು ಕಲ್ಲು ಹಿಡಿದು ವಾದ್ಯದ ಅಂಚಿಗೆ ಟಕ್ ಟಕ್ ಅಂತ ಹೊಡೆಯುತ್ತಿದ್ದಾರೆ. ಹತ್ತು ನಿಮಿಷ ಆಯ್ತು. ಹುಡುಗ ಕೇಳಿದ: "ಮನೆಯಲ್ಲೇ ಟ್ಯೂನ್ ಮಾಡಿಕೊಂಡು ಬರಬಾರದಿತ್ತಾ?"

ಒಳ್ಳೆ ಪ್ರಶ್ನೆ. ಉತ್ತರಕ್ಕೆ ಮೊದಲು ಶ್ರುತಿ ಅಂದರೇನು ಅಂತ ನೋಡೋಣ.

ಗಿಟಾರಿನ ತಂತಿಗಳನ್ನು ಪ್ರಪಂಚದಲ್ಲಿ ಎಲ್ಲಿದ್ದರೂ ಸಾಮಾನ್ಯವಾಗಿ ಅವೇ ಸ್ವರಗಳಿಗೆ ಸೇರಿಸುತ್ತಾರೆ. ನಮ್ಮಲ್ಲಿ ಹಾಗಲ್ಲ. ಹಾಡುವವರ ಗಂಟಲಿಗೆ ಎಲ್ಲಿ ಹಿತವೋ ಅಲ್ಲಿ 'ಸ' ಇಟ್ಟುಕೊಳ್ಳುತ್ತಾರೆ. ಆ ದಿನದ ಕಚೇರಿಗೆ ಆ 'ಸ'ವೇ ಶ್ರುತಿ. ಅವತ್ತು ಹಾಡಿದ ಹೆಣ್ಣುಮಗಳದ್ದು ಐದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ. ಸೆಕೆಂಡಿಗೆ ಸುಮಾರು 196 ಕಂಪನ. ಒಮ್ಮೆ ಇದು ಗೊತ್ತಾದರೆ ಉಳಿದ ಸ್ವರಗಳೆಲ್ಲ ಇದಕ್ಕೆ ಇಷ್ಟು ದೂರ ಅಂತ ಲೆಕ್ಕ. ಪಂಚಮ, ಅಂದರೆ 'ಪ', ಇದರ ಒಂದೂವರೆ ಪಟ್ಟು: 294.

ತಂಬೂರಿಯ ನಾಲ್ಕು ತಂತಿ ಇಷ್ಟನ್ನೇ ಹೇಳ್ತಾ ಇರುತ್ತೆ: ಕೆಳಗಿನ ಪ, ಸ, ಸ, ಕೆಳಗಿನ ಸ. ಈಗ ಒಂದು ತಪ್ಪು ಮಾಡಿ ನೋಡೋಣ. ಆ ಕೆಳಗಿನ 'ಪ' 147ರ ಬದಲು 146ಕ್ಕೆ ನಿಂತಿದೆ ಅಂದುಕೊಳ್ಳಿ. ಒಂದೇ ಒಂದು ಕಂಪನ ಕಡಿಮೆ, ಯಾರಿಗೆ ಗೊತ್ತಾಗುತ್ತೆ ಅಂತೀರಾ? ಗೊತ್ತಾಗುತ್ತೆ. ಯಾಕೆಂದರೆ ತಂತಿ ಒಂದೇ ನಾದ ಕೊಡಲ್ಲ. ಅದರ ಎರಡು ಪಟ್ಟು, ಮೂರು ಪಟ್ಟು, ಹೀಗೆ ಮೇಲಿನ ನಾದಗಳನ್ನೂ ಜೊತೆಗೇ ಕೊಡುತ್ತೆ. ಕೆಳಗಿನ 'ಸ' ತಂತಿ 98, ಅದರ ಮೂರು ಪಟ್ಟು 294. 'ಪ' ತಂತಿಯ ಎರಡು ಪಟ್ಟು 294 ಆಗಬೇಕಿತ್ತು, ಈಗ 292 ಆಗಿದೆ. ಈ ಎರಡೂ ಸೇರಿದಾಗ ನಾದ ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತೆ, ವಾಂವ್ ವಾಂವ್ ಅಂತ. ಕಲಾವಿದರು ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಕಾಯುವುದು ಈ ಅಲೆ ನಿಧಾನವಾಗಿ ನಿಂತುಹೋಗಲಿ ಅಂತ. ಅಲೆ ನಿಂತಾಗ ನಾಲ್ಕು ತಂತಿ ಒಂದೇ ತಂತಿಯ ಹಾಗೆ ಕೇಳಿಸುತ್ತೆ. ಮುಂದಿನ ಸಲ ಕಚೇರಿಗೆ ಹೋದಾಗ ಕಣ್ಣು ಮುಚ್ಚಿ ಆ ಅಲೆಗೆ ಕಿವಿ ಕೊಡಿ.

ಸರಿ, ಮೃದಂಗಕ್ಕೆ ಯಾಕೆ ಶ್ರುತಿ? ಡೋಲು ಡೋಲೇ ಅಲ್ಲವಾ? ಇಲ್ಲೊಂದು ಸ್ವಾರಸ್ಯ ಇದೆ. ಬರೀ ಚರ್ಮ ಬಿಗಿದ ಡೋಲಿನ ಮೇಲಿನ ನಾದಗಳು ಎರಡು ಪಟ್ಟು, ಮೂರು ಪಟ್ಟು ಅಂತ ಬರಲ್ಲ. 1.59 ಪಟ್ಟು, 2.14 ಪಟ್ಟು, ಹೀಗೆ ಅಡ್ಡಾದಿಡ್ಡಿ. ಅದಕ್ಕೇ ಅದು 'ಧಡ್' ಅನ್ನುತ್ತೆ, ಸ್ವರ ಸ್ಪಷ್ಟವಾಗಿ ಹೇಳಲ್ಲ. ಮೃದಂಗದ ಬಲಮುಚ್ಚಿಗೆಯ ನಡುವೆ ಪದರ ಪದರವಾಗಿ ಹಚ್ಚಿದ ಕಪ್ಪು ಕರಣೆ ಇರುತ್ತಲ್ಲ, ಅದರ ಭಾರ ಈ ಅಡ್ಡಾದಿಡ್ಡಿ ನಾದಗಳನ್ನು ಎಳೆದು ತಂದು ಒಂದು, ಎರಡು, ಮೂರು, ನಾಲ್ಕು, ಐದು ಪಟ್ಟಿನ ಸಾಲಿಗೆ ನಿಲ್ಲಿಸುತ್ತೆ. ಇದನ್ನು ತೋರಿಸಿಕೊಟ್ಟವರು ಸರ್ ಸಿ. ವಿ. ರಾಮನ್. 1920ರಲ್ಲಿ ಶಿವಕಾಳಿ ಕುಮಾರ್ ಜೊತೆ 'ನೇಚರ್' ಪತ್ರಿಕೆಯಲ್ಲಿ ಬರೆದರು. ಆಮೇಲೆ ಬೆಂಗಳೂರಿಗೆ ಬಂದ ಮೇಲೂ ಅದೇ ವಿಷಯವನ್ನು ವಿಸ್ತಾರವಾಗಿ ಬರೆದರು. ಅಂದರೆ ಮೃದಂಗ ನಿಜವಾಗಿಯೂ 'ಸ' ಹೇಳಬಲ್ಲ ವಾದ್ಯ. ಹೇಳಬಲ್ಲದು ಅಂದಮೇಲೆ ತಪ್ಪಾಗಿಯೂ ಹೇಳಬಲ್ಲದು.

ಈಗ ಹುಡುಗನ ಪ್ರಶ್ನೆಗೆ ಬರೋಣ. ಚರ್ಮ ಗಾಳಿಯ ತೇವ ಹೀರಿದರೆ ಸಡಿಲವಾಗಿ ಶ್ರುತಿ ಇಳಿಯುತ್ತೆ, ಒಣಗಿದರೆ ಬಿಗಿದು ಏರುತ್ತೆ. ಟೆಕ್ಸಾಸ್ ಬೇಸಿಗೆ, ಕಾರಿನ ಹಿಂದೆ ಕೂತು ಬಂದ ಮೃದಂಗ, ಒಳಗೆ ಎ.ಸಿ.ಯ ಒಣಗಾಳಿ. ಮನೆಯಲ್ಲಿ ಸೇರಿಸಿದ ಶ್ರುತಿ ವೇದಿಕೆ ಮೇಲೆ ಉಳಿಯಲ್ಲ. ಅದಕ್ಕೇ ಆ ಕಲ್ಲು. ಮುಚ್ಚಿಗೆಯ ಸುತ್ತ ಇರುವ ಹೆಣೆದ ಅಂಚನ್ನು ಮುಂದಿನಿಂದ ಹೊಡೆದರೆ ಚರ್ಮ ಬಿಗಿಯಾಗುತ್ತೆ, ಹಿಂದಿನಿಂದ ಹೊಡೆದರೆ ಸಡಿಲವಾಗುತ್ತೆ. ಸುತ್ತಲೂ ಎಲ್ಲ ಕಡೆ ಒಂದೇ ನಾದ ಬರೋ ತನಕ ಬಿಡಲ್ಲ. ಎರಡು ಹಾಡುಗಳ ನಡುವೆ ಮತ್ತೆ ಟಕ್ ಟಕ್ ಕೇಳಿಸಿದರೆ, ಶ್ರುತಿ ಜಾರಿದೆ, ಅವರು ಅದನ್ನು ಹಿಡಿದಿದ್ದಾರೆ ಅಂತ ಅರ್ಥ.

ಇನ್ನು ತಾಳ. ಹಾಡು ಶುರುವಾಯ್ತು, ಅಕ್ಕಪಕ್ಕದವರೆಲ್ಲ ತೊಡೆ ಮೇಲೆ ಕೈ ತಟ್ಟುತ್ತಿದ್ದಾರೆ. ಅವತ್ತು ಆದಿತಾಳ. ಎಂಟು ಎಣಿಕೆ. ನೀವೂ ನನ್ನ ಜೊತೆ ಹಾಕಿ: ಒಂದು ತಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಅಲ್ಲಿಗೆ ನಾಲ್ಕು. ಮತ್ತೆ ತಟ್ಟು, ಅಂಗೈ ಮೇಲೆ ಮಾಡಿ ಬೀಸು. ಮತ್ತೊಮ್ಮೆ ತಟ್ಟು, ಬೀಸು. ಎಂಟಾಯ್ತು, ಒಂದು ಆವರ್ತ ಮುಗೀತು. ಮೊದಲ ತಟ್ಟು ಬೀಳುವ ಜಾಗ ಸಮ. ಬೆರಳು ಯಾಕೆ ಅಂದರೆ, ಬರೀ ತಟ್ಟುತ್ತಾ ಹೋದರೆ ಐದನೆಯದೋ ಏಳನೆಯದೋ ಗೊತ್ತಾಗಲ್ಲ. ಎಲ್ಲಿದ್ದೀರಿ ಅಂತ ಕೈ ನೋಡಿದರೆ ತಿಳಿಯುತ್ತೆ.

ಇದರ ಉಪಯೋಗ ತಿಳಿಯೋದು ಮೃದಂಗದವರು ಮುಕ್ತಾಯ ನುಡಿಸುವಾಗ. ಒಂದು ಸಣ್ಣದನ್ನು ಬಿಡಿಸಿ ನೋಡೋಣ. ಪ್ರತಿ ಎಣಿಕೆಗೆ ನಾಲ್ಕು ಅಕ್ಷರ ಅಂದರೆ ಆವರ್ತಕ್ಕೆ 32. 'ತ ದೀ ಗಿ ಣ ತೊಂ' ಅಂತ ಒಂದು ಸೊಲ್ಲು, 'ದೀ'ಗೆ ಎರಡು ಅಕ್ಷರದ ಕಾಲ, ಒಟ್ಟು ಆರು. ಮೂರು ಸಲ ನುಡಿಸಿದರೆ 18, ನಡುವೆ ಎರಡು ಕಡೆ ಒಂದೊಂದು ಅಕ್ಷರ ಬಿಟ್ಟರೆ 20. ಇಪ್ಪತ್ತು ಅಂದರೆ ಐದು ಎಣಿಕೆ. ಹಾಗಾಗಿ ನಾಲ್ಕನೆಯದರಲ್ಲಿ, ನಡುಬೆರಳಿನ ಮೇಲೆ ಶುರು ಮಾಡಿದರೆ ಸರಿಯಾಗಿ ಎಂಟು ಮುಗಿದು ಸಮಕ್ಕೆ ಬಂದು ನಿಲ್ಲುತ್ತೆ. ಆದರೆ ಎರಡನೇ ಸಲದ 'ತ' ಐದನೇ ಎಣಿಕೆಯ ಕೊನೇ ಅಕ್ಷರದಲ್ಲಿ ಬೀಳುತ್ತೆ, ಮೂರನೇ ಸಲದ್ದು ಏಳನೇ ಎಣಿಕೆಯ ಅರ್ಧದಲ್ಲಿ. ಬರೀ ಕಿವಿಯಿಂದ ಕೇಳಿದರೆ ತಾಳ ತಪ್ಪಿಹೋಯ್ತು ಅನ್ನಿಸುತ್ತೆ. ಕೈ ಬಿಡದೆ ಎಣಿಸಿದವರಿಗೆ ಮಾತ್ರ ಅದು ಮನೆಗೆ ಬರ್ತಾ ಇದೆ ಅಂತ ಗೊತ್ತಿರುತ್ತೆ.

ಒಂದು ಎಚ್ಚರಿಕೆ. ಎಲ್ಲ ಹಾಡೂ ಸಮದಲ್ಲೇ ಶುರುವಾಗಲ್ಲ. ಕೆಲವು ಅರ್ಧ ಎಣಿಕೆ, ಒಂದೂವರೆ ಎಣಿಕೆ ಬಿಟ್ಟು ಎತ್ತಿಕೊಳ್ಳುತ್ತವೆ. ಆಗ ಮುಕ್ತಾಯವೂ ಸಾಮಾನ್ಯವಾಗಿ ಆ ಎತ್ತುಗಡೆಯ ಜಾಗಕ್ಕೇ ಬರುತ್ತೆ. ನಿಮ್ಮ ಎಣಿಕೆ ತಪ್ಪಿದರೆ ಗಾಬರಿ ಬೇಡ, ಹಾಡುವವರ ಕೈ ನೋಡಿ, ಕಿರುಬೆರಳು ಬಂದಾಗ ಸೇರಿಕೊಳ್ಳಿ.

ನಮ್ಮ ಹುಡುಗ ಹಾಗೇ ಮಾಡಿದ. ಎರಡು ಸಲ ತಪ್ಪಿದ, ಮೂರನೇ ಸಲ ಮುಕ್ತಾಯ ಬಂದು ಸಮಕ್ಕೆ ಬಿದ್ದಾಗ ಅವನ ತಟ್ಟೂ ಅದರ ಜೊತೆಗೇ ಬಿತ್ತು. ತಿರುಗಿ ನನ್ನ ಮುಖ ನೋಡಿದ. ಅರ್ಧ ಗಂಟೆ ಯಾವಾಗಲೋ ಕಳೆದಿತ್ತು. ತನಿ ಆವರ್ತನ ಮುಗಿದು ಮೃದಂಗದವರು ಮತ್ತೆ ಕಲ್ಲು ಎತ್ತಿಕೊಂಡಾಗ ಅವನೇ ಮೆಲ್ಲಗೆ ಹೇಳಿದ: "ಅತ್ತೆ, ಏರಿದೆ ಅಲ್ವಾ?"

ಅವರು ಹಿಂದಿನಿಂದ ಹೊಡೆದರು. ಏರಿತ್ತು.